‘ನೆಟ್ ಬರ್ತಿಲ್ಲ’ ಎಂಬ ಒಂದೇ ಸಾಲಿಗೆ ಉತ್ತರ

‘ನೆಟ್ ವರ್ಕ್ ಆಗ್ತಿಲ್ಲ. ಬೇಗ ಸರಿ ಮಾಡಿ.’

ಮನೆಗಳಿಗೆ ಫೈಬರ್ ಬ್ರಾಡ್‌ಬ್ಯಾಂಡ್ ಕೊಡುವ ಕಂಪನಿಯ ಸಹಾಯವಾಣಿಗೆ ಇಷ್ಟೇ ದೂರು ಬಂದಿದೆ ಎಂದುಕೊಳ್ಳೋಣ. ಯಾವಾಗಿನಿಂದ, ಯಾವುದರಲ್ಲಿ, ಏನಾಗುತ್ತಿದೆ ಎಂಬ ಒಂದು ವಿವರವೂ ಇಲ್ಲ. ಇಂಥ ದೂರಿಗೆ ಸಾಮಾನ್ಯವಾಗಿ ಹೋಗುವ ಉತ್ತರ ಎರಡು ಬಗೆಯದು. ಒಂದು, ‘ನಿಮಗಾದ ಅಡಚಣೆಗೆ ವಿಷಾದಿಸುತ್ತೇವೆ, ದಯವಿಟ್ಟು ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಸಿದ್ಧ ವಾಕ್ಯ. ಇನ್ನೊಂದು, ಗ್ರಾಹಕ ಸಂಖ್ಯೆ, ವಿಳಾಸ, ರೂಟರ್ ಮಾಡೆಲ್, ಸ್ಪೀಡ್ ಟೆಸ್ಟ್ ಚಿತ್ರ ಎಂದು ಹತ್ತು ವಿವರ ಕೇಳುವ ಪಟ್ಟಿ. ಎರಡೂ ಗ್ರಾಹಕರನ್ನು ಇದ್ದಲ್ಲೇ ಬಿಡುತ್ತವೆ. ಅವರಿಗೆ ಗೊತ್ತಿರುವುದು ಬೇಕಾದದ್ದು ಆಗುತ್ತಿಲ್ಲ ಎಂಬುದಷ್ಟೇ, ಅದನ್ನು ಅವರು ಸರಿಯಾಗಿಯೇ ಹೇಳಿದ್ದಾರೆ. ಕಾರಣ ಹುಡುಕುವುದು ಉತ್ತರ ಬರೆಯುವವರ ಕೆಲಸ.

ಆ ಕೆಲಸ ಉತ್ತರ ಬರೆಯುವುದಕ್ಕೂ ಮೊದಲೇ ಶುರುವಾಗಬೇಕು. ಫೈಬರ್ ಜಾಲದಲ್ಲಿ ಕಂಪನಿಯ ಕಡೆಯ ಪರದೆಗೆ ಕಾಣುವ ಸಂಗತಿ ಬಹಳ. ಖಾತೆ ಚಾಲ್ತಿಯಲ್ಲಿದೆಯೋ, ಹಣ ಕಟ್ಟದೆ ನಿಂತಿದೆಯೋ ಎಂಬುದು ಮೊದಲನೆಯದು. ಮನೆಯಲ್ಲಿರುವ ಫೈಬರ್ ಪೆಟ್ಟಿಗೆ ಈಗ ಸಂಪರ್ಕದಲ್ಲಿದೆಯೇ, ಇಲ್ಲದಿದ್ದರೆ ಎಷ್ಟು ಗಂಟೆಗೆ ತಪ್ಪಿಹೋಯಿತು ಎಂಬುದು ಎರಡನೆಯದು. ಹೇಗೆ ತಪ್ಪಿಹೋಯಿತು ಎಂಬುದೂ ಸಾಮಾನ್ಯವಾಗಿ ದಾಖಲಾಗಿರುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಕರೆಂಟು ಹೋದಾಗ, ಪೂರ್ತಿ ಆರಿಹೋಗುವ ಮೊದಲಿನ ಕ್ಷಣದಲ್ಲಿ, ‘ನನಗೆ ಕರೆಂಟು ಹೋಯಿತು’ ಎಂಬ ಕೊನೆಯ ಸಂದೇಶವನ್ನು ಕಚೇರಿಗೆ ಕಳಿಸುತ್ತವೆ. ತಂತಿ ತುಂಡಾದರೆ ಆ ಸಂದೇಶ ಬರುವುದಿಲ್ಲ. ಒಮ್ಮೆಲೇ ಬೆಳಕು ನಿಂತ ದಾಖಲೆ ಮಾತ್ರ ಉಳಿಯುತ್ತದೆ. ಮನೆಯ ಸ್ವಿಚ್ಚು ಆಫ್ ಆಗಿರುವುದನ್ನೂ ಬೀದಿಯಲ್ಲಿ ಕೇಬಲ್ ಕಡಿದಿರುವುದನ್ನೂ ಗ್ರಾಹಕರನ್ನು ಒಂದು ಮಾತೂ ಕೇಳದೆ ಹೀಗೆ ಬೇರೆ ಮಾಡಬಹುದು.

ಅಕ್ಕಪಕ್ಕದ ಮನೆಗಳೂ ಸಾಕ್ಷಿ ಹೇಳುತ್ತವೆ. ಕಚೇರಿಯಿಂದ ಹೊರಟ ಒಂದು ಎಳೆಯ ಬೆಳಕನ್ನು ದಾರಿಯಲ್ಲಿ ಹಂಚಿ 32 ಅಥವಾ 64 ಮನೆಗಳಿಗೆ ಕೊಟ್ಟಿರುತ್ತಾರೆ. ಅದೇ ಎಳೆಯ ಮನೆಗಳೆಲ್ಲ ಒಟ್ಟಿಗೆ ಆರಿದ್ದರೆ ಮುಖ್ಯ ಕೇಬಲ್ಲಿಗೆ ಪೆಟ್ಟು ಬಿದ್ದಿರುವ ಸಾಧ್ಯತೆ ಹೆಚ್ಚು. ಆಗ ಗ್ರಾಹಕರಿಂದ ರೂಟರ್ ಆಫ್ ಆನ್ ಮಾಡಿಸುವುದು ಅವರ ಸಮಯ ಹಾಳು ಮಾಡಿದಂತೆ. ‘ನಿಮ್ಮ ಬೀದಿಯ ಕೇಬಲ್ಲಿನಲ್ಲೇ ತೊಂದರೆ ಇದೆ, ನೀವೇನೂ ಮಾಡಬೇಕಿಲ್ಲ’ ಎಂದು ನೇರ ಬರೆಯಬೇಕು.

ನಾವು ಹಿಡಿದ ದೂರಿನಲ್ಲಿ ಪರದೆ ಬೇರೆಯೇ ಹೇಳುತ್ತಿದೆ ಎನ್ನೋಣ. ಖಾತೆ ಚಾಲ್ತಿಯಲ್ಲಿದೆ, ಪೆಟ್ಟಿಗೆ ಸಂಪರ್ಕದಲ್ಲಿದೆ, ಮನೆ ತಲುಪುತ್ತಿರುವ ಬೆಳಕಿನ ಅಳತೆ -21 ಡಿಬಿಎಂ. ಸಾಮಾನ್ಯ ಫೈಬರ್ ಸಂಪರ್ಕದಲ್ಲಿ ಈ ಸಂಖ್ಯೆ -8ರಿಂದ -27ರ ನಡುವೆ ಇರಬೇಕು. -27 ದಾಟಿ ಕೆಳಗಿಳಿದಷ್ಟೂ ಬೆಳಕು ಸಾಲದೆ ಸಂಪರ್ಕ ಕಡಿಯತೊಡಗುತ್ತದೆ. -21 ಎಂದರೆ ಮನೆಯ ಗೋಡೆಯವರೆಗೆ ಬೆಳಕು ಸರಿಯಾಗಿ ಬರುತ್ತಿದೆ ಎಂದೇ ಅರ್ಥ. ಕೆಟ್ಟಿರುವುದು ಮನೆಯೊಳಗೆ, ಪೆಟ್ಟಿಗೆಯಿಂದ ಈಚೆಗೆ ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಏನು ನಡೆಯುತ್ತಿದೆ ಎಂಬುದು ಪರದೆಗೆ ಪೂರ್ತಿ ಕಾಣದು. ಕೇಳಬೇಕಾದದ್ದು ಈಗ, ಅದೂ ಒಂದೇ ಪ್ರಶ್ನೆ. ಉತ್ತರ ಹೀಗಿರಬಹುದು:

‘ನಮಸ್ಕಾರ ಮೇಡಂ. ನಿಮ್ಮ ಸಂಪರ್ಕವನ್ನು ಈಗಷ್ಟೇ ನೋಡಿದೆ. ಖಾತೆ ಚಾಲ್ತಿಯಲ್ಲಿದೆ, ನಿಮ್ಮ ಮನೆಯ ಪೆಟ್ಟಿಗೆಯವರೆಗೆ ನೆಟ್ ಬರುತ್ತಿದೆ. ಅಲ್ಲಿಂದ ಮುಂದೆ ಎಲ್ಲಿ ನಿಂತಿದೆ ಎಂದು ತಿಳಿಯಲು ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಮೊಬೈಲ್‌ನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಮಾತ್ರ ಆನ್ ಇಟ್ಟು, ಯಾವುದಾದರೂ ಹೊಸ ವೆಬ್‌ಸೈಟ್ ತೆರೆದು ನೋಡಿ. ತೆರೆಯಿತೋ ಇಲ್ಲವೋ ತಿಳಿಸಿ. ರೂಟರ್ ಹಿಂಭಾಗದ ಚಿಕ್ಕ ತೂತಿನೊಳಗಿನ ರೀಸೆಟ್ ಗುಂಡಿಯನ್ನು ದಯವಿಟ್ಟು ಒತ್ತಬೇಡಿ. ನಿಮ್ಮ ಉತ್ತರ ಬಂದ ಕೂಡಲೇ ಮುಂದಿನದನ್ನು ನಾನೇ ನೋಡುತ್ತೇನೆ.’

ಇದರಲ್ಲಿ ಮೊಬೈಲ್ ಡೇಟಾ ಆಫ್ ಮಾಡಿಸುವ ಮಾತು ಬಿಟ್ಟುಹೋದರೆ ಉಳಿದದ್ದೆಲ್ಲ ವ್ಯರ್ಥ. ವೈಫೈಯಲ್ಲಿ ನೆಟ್ ಇಲ್ಲವೆಂದು ಕಂಡಾಗ ಇಂದಿನ ಫೋನುಗಳು ಸದ್ದಿಲ್ಲದೆ ಸಿಮ್ಮಿನ ಡೇಟಾಕ್ಕೆ ಹೊರಳಿಬಿಡುತ್ತವೆ. ಗ್ರಾಹಕರು ‘ಫೋನಿನಲ್ಲಿ ಬರ್ತಿದೆ’ ಎನ್ನುತ್ತಾರೆ, ಇತ್ತ ಬರೆಯುವವರು ವೈಫೈ ಸರಿಯಾಗಿದೆ ಎಂದು ತಿಳಿಯುತ್ತಾರೆ, ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯೂ ತಪ್ಪು ದಾರಿಯಲ್ಲಿ. ‘ಹೊಸ ವೆಬ್‌ಸೈಟ್’ ಎಂದದ್ದಕ್ಕೂ ಕಾರಣವಿದೆ. ಮೊದಲು ನೋಡಿದ ಪುಟ ಫೋನಿನಲ್ಲೇ ಉಳಿದಿದ್ದರೆ ನೆಟ್ ಇಲ್ಲದೆಯೂ ತೆರೆದುಕೊಳ್ಳಬಹುದು.

ರೀಸೆಟ್ ಬೇಡ ಎಂಬ ಎಚ್ಚರಿಕೆ ಇನ್ನೂ ದೊಡ್ಡದು. ಆಫ್ ಮಾಡಿ ಆನ್ ಮಾಡಿದರೆ ಪೆಟ್ಟಿಗೆಯ ಹೊಂದಾಣಿಕೆಗಳು ಹಾಗೆಯೇ ಇರುತ್ತವೆ. ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಕೆಲವು ಸೆಕೆಂಡು ಒತ್ತಿದರೆ ಮನೆಯವರು ಇಟ್ಟ ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿಹೋಗುತ್ತವೆ. ಎಷ್ಟೋ ಕಡೆ ಕಂಪನಿಯವರು ಹಾಕಿಕೊಟ್ಟ ಲಾಗಿನ್ ವಿವರವೂ ಹೋಗುತ್ತದೆ. ಐದು ನಿಮಿಷದ ತೊಂದರೆ ಅಲ್ಲಿಗೆ ತಂತ್ರಜ್ಞರ ಭೇಟಿಗೆ ಕಾಯುವ ತೊಂದರೆಯಾಗುತ್ತದೆ. ‘ರೂಟರ್ ರೀಸ್ಟಾರ್ಟ್ ಮಾಡಿ’ ಎಂದಷ್ಟೇ ಬರೆದು ಗ್ರಾಹಕರು ಯಾವ ಗುಂಡಿ ಒತ್ತಬೇಕೆಂದು ಹೇಳದಿರುವುದು ನನ್ನ ಮಟ್ಟಿಗೆ ಸಹಾಯವಾಣಿಯ ಅತಿ ಕೆಟ್ಟ ಅಭ್ಯಾಸ.

ಈಗ ಗ್ರಾಹಕರ ಉತ್ತರ ಬರುತ್ತದೆ: ‘ಫೋನಲ್ಲಿ ಬರ್ತಿದೆ. ಟಿವಿಯಲ್ಲೇ ಬರ್ತಿಲ್ಲ.’

ಮೊದಲ ದೂರಿನಲ್ಲಿ ಇಲ್ಲದಿದ್ದ ಟಿವಿ ಈಗ ಬಂತು. ಅವರ ಪಾಲಿಗೆ ನೆಟ್ ಎಂದರೆ ಸಂಜೆ ಟಿವಿಯಲ್ಲಿ ನೋಡುವ ಧಾರಾವಾಹಿ ಆಗಿದ್ದಿರಬಹುದು. ಮುಂದಿನ ಪ್ರಶ್ನೆಯೂ ಒಂದೇ: ಟಿವಿಯ ವೈಫೈ ಪಟ್ಟಿಯಲ್ಲಿ ನಿಮ್ಮ ಮನೆಯ ವೈಫೈ ಹೆಸರು ಕಾಣುತ್ತಿದೆಯೇ? ಕಾಣುತ್ತಿದ್ದು ಪಾಸ್‌ವರ್ಡ್ ತಪ್ಪು ಎಂದರೆ, ಪಾಸ್‌ವರ್ಡ್ ಬದಲಾದದ್ದು ಟಿವಿಗೆ ಗೊತ್ತಾಗಿಲ್ಲ. ಹೆಸರೇ ಕಾಣದಿದ್ದರೆ ಕಾರಣ ಬೇರೆ. ರೂಟರ್ ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ವೈಫೈ ಹರಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಹಳೆಯ ಅಥವಾ ಕಡಿಮೆ ಬೆಲೆಯ ಎಷ್ಟೋ ಟಿವಿಗಳಿಗೆ 2.4 ಮಾತ್ರ ಕಾಣುತ್ತದೆ. ನಮ್ಮ ಗ್ರಾಹಕರು ಬರೆಯುತ್ತಾರೆ: ‘ಹೆಸರು ಕಾಣ್ತಿಲ್ಲ. ಫೋನಲ್ಲಿ ಕೊನೆಗೆ 5G ಇರೋ ಹೆಸರು ಒಂದೇ ಇದೆ. ಮಗ ಮೊನ್ನೆ ಸ್ಪೀಡ್ ಜಾಸ್ತಿಯಾಗಲಿ ಅಂತ ಇನ್ನೊಂದನ್ನ ತೆಗೆದ.’

ಕಾರಣ ಸಿಕ್ಕಿತು. ಆ 5G ಮೊಬೈಲ್ ಕಂಪನಿಗಳ 5ಜಿ ಅಲ್ಲ, 5 ಗಿಗಾಹರ್ಟ್ಸ್ ಪಟ್ಟಿಯ ಗುರುತು. ಮಗ ತೆಗೆದದ್ದು ಟಿವಿಗೆ ಕಾಣುವ ಒಂದೇ ಪಟ್ಟಿಯನ್ನು. ಅದನ್ನು ಮತ್ತೆ ಆನ್ ಮಾಡಲು ಅನೇಕ ಕಂಪನಿಗಳಿಗೆ ದೂರದಿಂದಲೇ ಸಾಧ್ಯ. ಗ್ರಾಹಕರ ಒಪ್ಪಿಗೆ ಕೇಳಿ, ಆನ್ ಮಾಡಿ, ಫೋನು 5ರಲ್ಲಿ, ಟಿವಿ 2.4ರಲ್ಲಿ ಇರಲಿ ಎಂದು ಹೇಳಿದರೆ ಮಗನ ಸ್ಪೀಡೂ ಕಡಿಮೆಯಾಗದು. ದೂರನ್ನು ಮುಚ್ಚುವುದು ಅದಾದ ಮೇಲೂ ಅಲ್ಲ, ‘ಟಿವಿಯಲ್ಲಿ ಬಂತು’ ಎಂದು ಅವರು ಬರೆದ ಮೇಲೆ.

ಈ ದಾರಿಗೆ ಮಿತಿಯೂ ಇದೆ. ಪೆಟ್ಟಿಗೆಯ ಮೇಲೆ LOS ಎಂದು ಬರೆದ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಗ್ರಾಹಕರಿಂದ ಮಾಡಿಸಬಹುದಾದದ್ದು ಬಹಳ ಕಡಿಮೆ. ತೆಳು ಹಳದಿ ಅಥವಾ ಬಿಳಿ ಫೈಬರ್ ತಂತಿ ಕಪಾಟಿನ ಹಿಂದೆ ಮಡಚಿಕೊಂಡಿದೆಯೇ ಎಂದು ನೋಡಿಸಬಹುದು. ಬಿಗಿಯಾಗಿ ಬಾಗಿದ ಫೈಬರಿನಿಂದ ಬೆಳಕು ಸೋರುತ್ತದೆ. ತಂತಿ ಕಿತ್ತು ತುದಿ ನೋಡಿ ಎಂದು ಮಾತ್ರ ಬರೆಯಬಾರದು. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣದ ಲೇಸರ್, ತುದಿಗೆ ಕೂತ ಒಂದು ಕಣ ಧೂಳೂ ಸಂಪರ್ಕ ಕೆಡಿಸಬಲ್ಲದು. ಅಲ್ಲಿಗೆ ಜನರನ್ನೇ ಕಳಿಸಬೇಕು.

ಇಷ್ಟೆಲ್ಲ ಸಾಧ್ಯವಾಗಬೇಕಾದರೆ ಉತ್ತರ ಬರೆಯುವವರ ಮುಂದೆ ಆ ಪರದೆ ಇರಬೇಕು. ಬೆಳಕಿನ ಅಳತೆ, ಅಕ್ಕಪಕ್ಕದ ಮನೆಗಳ ಸ್ಥಿತಿ ತೋರಿಸದೆ, ಓದಿ ಹೇಳಲು ಒಂದು ಹಾಳೆ ಕೊಟ್ಟು ಕೂರಿಸಿದ ನೌಕರರು ‘ಆಫ್ ಮಾಡಿ ಆನ್ ಮಾಡಿ’ ಎನ್ನದೆ ಬೇರೇನು ಹೇಳಿಯಾರು? ದಿನಕ್ಕೆ ಎಷ್ಟು ದೂರು ಮುಚ್ಚಿದರು ಎಂದು ಎಣಿಸುವ ಕಂಪನಿಗಳು, ಅದೇ ಮನೆಯಿಂದ ಅದೇ ದೂರು ಎಷ್ಟು ಸಲ ಮರಳಿ ಬಂತು ಎಂಬುದನ್ನೂ ಎಣಿಸಲಿ.