ಬಿಳಿ ನಿಲ್ಲಬೇಕಾದದ್ದು ಸೊನ್ನೆಯಲ್ಲಿ

ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ಪ್ರಕಟಿಸಿದ ಐರಿಸ್ ಹೂಗಳ ಪಟ್ಟಿ ಡೇಟಾ ಕಲಿಯುವವರಿಗೆಲ್ಲ ಪರಿಚಿತ. ಮೂರು ಜಾತಿ, ಒಂದೊಂದರಲ್ಲಿ 50 ಹೂ. ಪ್ರತಿ ಹೂವಿನ ಪುಷ್ಪಪತ್ರದ ಉದ್ದ ಮತ್ತು ಅಗಲ, ದಳದ ಉದ್ದ ಮತ್ತು ಅಗಲ ಅದರಲ್ಲಿವೆ.

ಈ ನಾಲ್ಕರಲ್ಲಿ ಯಾವುದು ಯಾವುದರ ಜೊತೆ ಏರುತ್ತದೆ, ಯಾವುದು ಏರಿದಾಗ ಯಾವುದು ಇಳಿಯುತ್ತದೆ ಎಂಬುದನ್ನು ಹೇಳುವ ಸಂಖ್ಯೆಯೇ ಸಹಸಂಬಂಧ. ಅದು −1ರಿಂದ +1ರೊಳಗೆ ಇರುತ್ತದೆ. ಆ ಸಂಖ್ಯೆಗಳನ್ನು ಚೌಕಗಳಲ್ಲಿಟ್ಟು ಬಣ್ಣ ತುಂಬಿದರೆ ಹೀಟ್‌ಮ್ಯಾಪ್. ಇಲ್ಲಿ ಚೌಕಗಳು 16. ಆದರೆ ಕರ್ಣದ ನಾಲ್ಕು ಚೌಕಗಳಲ್ಲಿ ಪ್ರತಿ ಅಳತೆಗೂ ತನ್ನೊಂದಿಗೇ ಹೋಲಿಕೆ, ಹಾಗಾಗಿ ಅಲ್ಲಿ ಯಾವಾಗಲೂ 1. ಕರ್ಣದ ಮೇಲಿನದ್ದೇ ಕೆಳಗೂ ಮರುಕಳಿಸುತ್ತದೆ. ಓದಬೇಕಾದದ್ದು ಆರೇ ಚೌಕ.

ದಳದ ಉದ್ದಕ್ಕೂ ಅಗಲಕ್ಕೂ 0.96: ಒಂದು ದೊಡ್ಡದಾದರೆ ಇನ್ನೊಂದೂ ದೊಡ್ಡದು. ಪುಷ್ಪಪತ್ರದ ಅಗಲಕ್ಕೂ ದಳದ ಉದ್ದಕ್ಕೂ −0.43. ಪುಷ್ಪಪತ್ರದ ಉದ್ದಕ್ಕೂ ಅಗಲಕ್ಕೂ −0.12, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ.

ಎಡವಟ್ಟಾಗುವುದು ಬಣ್ಣದಲ್ಲಿ. ನೀಲಿಯಿಂದ ಬಿಳಿಯ ಮೂಲಕ ಕೆಂಪಿಗೆ ಹೋಗುವ ಪಟ್ಟಿ ಆರಿಸಿ ಮಿತಿ ಹೇಳದೆ ಬಿಟ್ಟರೆ, ಸೀಬಾರ್ನ್‌ನಂಥ ತಂತ್ರಾಂಶ ಪಟ್ಟಿಯನ್ನು ಡೇಟಾದ ಕನಿಷ್ಠದಿಂದ ಗರಿಷ್ಠದವರೆಗೆ ಎಳೆಯುತ್ತದೆ. ಇಲ್ಲಿ ಅದು −0.43ರಿಂದ 1. ನಟ್ಟನಡುವಿನ ಬಿಳಿ ಬೀಳುವುದು ಸುಮಾರು 0.29ರ ಮೇಲೆ. ಸೊನ್ನೆಯೇ ನೀಲಿಯಾಗುತ್ತದೆ. −0.12 ಎದ್ದು ಕಾಣುವ ನೀಲಿ. ಸಾಧಾರಣ ಸಂಬಂಧವಾದ −0.43 ಕರ್ಣದ ಕೆಂಪಿನಷ್ಟೇ ಗಾಢ. ಚಿತ್ರ ನೋಡಿದವರು ಬಲವಾದ ವಿರುದ್ಧ ಸಂಬಂಧವಿದೆ ಎಂದುಕೊಂಡರೆ ತಪ್ಪು ಅವರದಲ್ಲ.

ಮಿತಿಗಳನ್ನು ನಾವೇ ಬರೆದರೆ ಸರಿಹೋಗುತ್ತದೆ:

```
sns.heatmap(r, cmap="RdBu_r", vmin=-1, vmax=1, annot=True)
```

ಈಗ ಬಿಳಿ ಸೊನ್ನೆಗೆ ಬರುತ್ತದೆ, −0.12 ಮಂಕಾಗುತ್ತದೆ. `center=0` ಎಂದಷ್ಟೇ ಬರೆದರೂ ಬಿಳಿ ಸೊನ್ನೆಗೆ ಬರುತ್ತದೆ ನಿಜ. ಆದರೆ ಕರ್ಣವನ್ನು ಮರೆಮಾಡಿದ ಪಟ್ಟಿಯಲ್ಲಿ ಅತಿ ದೊಡ್ಡ ಸಂಖ್ಯೆ 0.3 ಆಗಿದ್ದರೆ, ಅದಕ್ಕೇ ಕಡುಗೆಂಪು ಸಿಕ್ಕಿಬಿಡುತ್ತದೆ. ಆದ್ದರಿಂದ ನನ್ನ ಒಲವು ಎರಡೂ ತುದಿಗಳನ್ನು ಬರೆಯುವ ಕಡೆಗೆ. ಕೆಂಪು-ಹಸಿರು ಜೋಡಿಯಂತೂ ಬೇಡ, ಆ ಎರಡನ್ನು ಬೇರ್ಪಡಿಸಿ ನೋಡಲಾಗದ ಕಣ್ಣುಗಳು ಬಹಳ ಇವೆ.

ಬಣ್ಣ ಸರಿಯಾದ ಮೇಲೂ ಆ ಮಂಕು ಚೌಕವನ್ನು ನಂಬಿ ಕೂರುವಂತಿಲ್ಲ. ಜಾತಿಗಳನ್ನು ಬೇರೆಬೇರೆ ಮಾಡಿ ಲೆಕ್ಕ ಹಾಕಿದರೆ ಅದೇ −0.12 ಸೆಟೋಸಾದಲ್ಲಿ 0.74, ವರ್ಸಿಕಲರ್‌ನಲ್ಲಿ 0.53, ವರ್ಜಿನಿಕಾದಲ್ಲಿ 0.46. ಸೆಟೋಸಾದ ಪುಷ್ಪಪತ್ರ ಗಿಡ್ಡ ಆದರೆ ಅಗಲ. ಉಳಿದೆರಡರದು ಉದ್ದ, ಅಗಲ ಕಡಿಮೆ. ಮೂರನ್ನೂ ಒಟ್ಟಿಗೆ ಸುರಿದಾಗ ಜಾತಿಗಳ ನಡುವಿನ ಈ ವ್ಯತ್ಯಾಸ ಒಳಗಿನ ಸಂಬಂಧವನ್ನು ಮುಚ್ಚಿಹಾಕುತ್ತದೆ. ಜಾತಿಗೊಂದರಂತೆ ಮೂರು ಹೀಟ್‌ಮ್ಯಾಪ್ ಬರೆದು, ಮೂರಕ್ಕೂ −1ರಿಂದ 1ರ ಅದೇ ಅಳತೆ ಕೊಟ್ಟರೆ, ಆ ಚೌಕ ಮೂರರಲ್ಲೂ ಕೆಂಪಗೆ ಕಾಣುತ್ತದೆ, ಸೆಟೋಸಾದಲ್ಲಿ ಎಲ್ಲಕ್ಕಿಂತ ಗಾಢವಾಗಿ.