ಒಂದು ರವಿವಾರದ ರಜೆ, ಮೂರು ರವಿವಾರದ ಲೆಕ್ಕ

ಸಂಘದ ಕನ್ನಡ ತರಗತಿಗೆ ಒಂದು ರವಿವಾರ ರಜೆ ಕೊಡುವುದು ಕಷ್ಟವೇನಲ್ಲ. ಆ ರವಿವಾರದ ಪಾಠವನ್ನು ಮುಂದೆ ಎಲ್ಲಿ ಇಡುವುದು ಎಂಬುದೇ ಕಷ್ಟ. ನಾವು ಶಿಕ್ಷಕರು ಹೊರಡಿಸುವ ಸೂಚನೆಗಳಲ್ಲಿ ಮೊದಲನೆಯ ಮಾತು ದಪ್ಪಕ್ಷರದಲ್ಲಿ ಇರುತ್ತದೆ, ಎರಡನೆಯದು ಇರುವುದೇ ಇಲ್ಲ. "ಈ ವಾರ ತರಗತಿ ಇರುವುದಿಲ್ಲ, ಮುಂದಿನ ವಾರ ಎಂದಿನಂತೆ ನಡೆಯುವುದು" ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿ. ಮುಂಬಯಿಯಲ್ಲಿ ವಾರಕ್ಕೆ ಒಂದೇ ದಿನ, ಒಂದೂವರೆ ತಾಸು ನಡೆಯುವ ತರಗತಿಗೆ ಈ ರೂಢಿ ದುಬಾರಿ. ದಿನವೂ ನಡೆಯುವ ಶಾಲೆಯಲ್ಲಿ ಒಂದು ದಿನ ತಪ್ಪಿದರೆ ಮರುದಿನ ಸರಿಹೋಗುತ್ತದೆ. ನಮ್ಮಲ್ಲಿ ಒಂದು ದಿನ ತಪ್ಪಿತೆಂದರೆ ಎರಡು ಪಾಠಗಳ ನಡುವೆ ಹದಿನಾಲ್ಕು ದಿನ ಬೀಳುತ್ತದೆ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. 2025ರ ಜುಲೈ ತಿಂಗಳ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಎರಡನೇ ವರ್ಷದ ಮಕ್ಕಳಿಗೆ ಒತ್ತಕ್ಷರ ನಡೆದಿದೆ. ತರಗತಿಯ ವೇಳೆ ಬೆಳಿಗ್ಗೆ 10ರಿಂದ 11.30. ಜುಲೈ 13ರಂದು ಮೊದಲ ಪಾಠವಾಗಿದೆ. 20ಕ್ಕೆ ಎರಡನೆಯದು, 27ಕ್ಕೆ ಮೂರನೆಯದು, ಆಗಸ್ಟ್ 3ಕ್ಕೆ ನಾಲ್ಕನೆಯದು, 10ಕ್ಕೆ ಪುನರಾವರ್ತನೆ, 24ಕ್ಕೆ ಪರೀಕ್ಷೆ ಎಂದು ಗೊತ್ತಾಗಿದೆ. 17ಕ್ಕೆ ಮೊದಲೇ ರಜೆ ಇದೆ, ಏಕೆಂದರೆ ಶುಕ್ರವಾರ ಸ್ವಾತಂತ್ರ್ಯ ದಿನ, ಶನಿವಾರ ದಹಿಹಂಡಿ, ಅರ್ಧ ಜನ ಊರಿಗೆ ಹೊರಟಿರುತ್ತಾರೆ. ಹೀಗಿರುವಾಗ ಬುಧವಾರ ಸಂಜೆ ಸಭಾಗೃಹದವರು ಫೋನ್ ಮಾಡಿ, 20ನೇ ತಾರೀಖು ವಿದ್ಯುತ್ ತಂತಿಯ ದುರಸ್ತಿ ಇದೆ, ಬಾಗಿಲು ತೆರೆಯಲಾಗುವುದಿಲ್ಲ ಎನ್ನುತ್ತಾರೆ. ಈಗ ಏನು ಮಾಡಬೇಕು?

ಎಲ್ಲವನ್ನೂ ಒಂದೊಂದು ವಾರ ಮುಂದೆ ತಳ್ಳುವುದು ಮೊದಲು ತೋಚುವ ದಾರಿ. ಹಾಗೆ ತಳ್ಳಿದರೆ ಪುನರಾವರ್ತನೆ 24ಕ್ಕೆ ಹೋಗುತ್ತದೆ, ಪರೀಕ್ಷೆ 31ಕ್ಕೆ. ಆ ವರ್ಷ ಗಣೇಶ ಚತುರ್ಥಿ ಆಗಸ್ಟ್ 27. ಮುಂಬಯಿಯಲ್ಲಿ ಗಣಪತಿ ಕೂತ ವಾರದ ರವಿವಾರ ಪರೀಕ್ಷೆ ಇಟ್ಟರೆ ಶಿಕ್ಷಕಿ ಒಬ್ಬಳೇ ಬರಬೇಕಾದೀತು. ವಾರದ ನಡುವೆ ಸಂಜೆ ಒಂದು ತರಗತಿ ಇಡೋಣವೆಂದರೆ ಮಕ್ಕಳಿಗೆ ಟ್ಯೂಷನ್ ಇರುತ್ತದೆ, ತಂದೆ ತಾಯಿ ಲೋಕಲ್ ಹಿಡಿದು ಮನೆ ಸೇರುವುದೇ ಎಂಟಕ್ಕೆ. ಉಳಿಯುವುದು ಎರಡು ಪಾಠಗಳನ್ನು ಒಂದೇ ದಿನಕ್ಕೆ ಸೇರಿಸುವ ದಾರಿ. ಬಹಳ ಕಡೆ ಇದನ್ನೇ ಮಾಡುತ್ತಾರೆ. ಮಾಡುವ ಮೊದಲು ಆ ಎರಡು ಪಾಠಗಳಲ್ಲಿ ಏನಿದೆ ಎಂದು ನೋಡಬೇಕು.

ಮೊದಲ ಪಾಠದಲ್ಲಿ ಮೂಲ ಅಕ್ಷರವನ್ನೇ ಹೋಲುವ ಒತ್ತುಗಳಿವೆ: ಅಕ್ಕ, ಹಗ್ಗ, ಅಪ್ಪ, ಹಬ್ಬ. ತಲೆಕಟ್ಟು ತೆಗೆದು ಅದೇ ಅಕ್ಷರವನ್ನು ಚಿಕ್ಕದಾಗಿ ಕೆಳಗೆ ಬರೆದರಾಯಿತು, ಮಕ್ಕಳು ಬೇಗ ಹಿಡಿಯುತ್ತಾರೆ. ಎರಡನೆಯ ಪಾಠದಲ್ಲಿ ವೇಷ ಬದಲಿಸಿಕೊಂಡು ಬರುವ ಒತ್ತುಗಳಿವೆ: ತ, ನ, ಮ, ಯ, ಲ. ಹತ್ತು, ಅನ್ನ, ಅಮ್ಮ, ಅಯ್ಯ, ಬೆಲ್ಲ ಎಂದು ಬರೆಯುವಾಗ ಕೆಳಗಿನ ಗುರುತಿಗೂ ಮೇಲಿನ ಅಕ್ಷರಕ್ಕೂ ಹೋಲಿಕೆ ಕಾಣುವುದಿಲ್ಲ. ಇವನ್ನು ನೋಡಿ ನೋಡಿ, ಬರೆದು ಬರೆದೇ ನೆನಪಿಡಬೇಕು. ಮೂರನೆಯ ಪಾಠದಲ್ಲಿ ಎರಡು ಬೇರೆ ಬೇರೆ ವ್ಯಂಜನಗಳು ಕೂಡುತ್ತವೆ: ಪುಸ್ತಕ, ಸ್ನಾನ, ನಿತ್ಯ. ಎರಡನೆಯ ಪಾಠದ ವೇಷಗಳೇ ಇಲ್ಲಿ ಬೇರೆ ಅಕ್ಷರಗಳ ಕೆಳಗೆ ಬಂದು ನಿಲ್ಲುತ್ತವೆ. ಅವು ಕಣ್ಣಿಗೆ ಕೂರದೆ ಈ ಪಾಠ ನಡೆಯುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಶಾಲೆಯಲ್ಲಿ ಅವರು ದೇವನಾಗರಿ ಕಲಿತಿರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಎರಡನೆಯದು ಪೂರ್ತಿಯಾಗಿರುತ್ತದೆ. ನಮ್ಮಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಕೆಳಗೆ ಸಣ್ಣದು. ಆದ್ದರಿಂದ 'ಪುಸ್ತಕ'ವನ್ನು ಕಂಡ ಮಗು ಮೇಲೆ ಪೂರ್ತಿ ಸ ಇದೆಯಲ್ಲ ಎಂದು 'ಪುಸತಕ' ಎನ್ನುತ್ತದೆ. ನಾಲ್ಕನೆಯ ಪಾಠವಾದ ಅರ್ಕಾವತ್ತಿನಲ್ಲಿ ಗೊಂದಲ ಇನ್ನೂ ಹೆಚ್ಚು. 'ಸೂರ್ಯ' ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿ ಗುರುತನ್ನು ಆಮೇಲೆ ಬರೆಯುತ್ತೇವೆ. ದೇವನಾಗರಿಯಲ್ಲಿ ಅದು ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಮಗು 'ಸೂಯರ' ಎಂದು ಓದಿದರೆ ಅದರದೇನೂ ತಪ್ಪಿಲ್ಲ, ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದೆ ಅಷ್ಟೆ.

ಎರಡು ಮತ್ತು ಮೂರನೆಯ ಪಾಠಗಳನ್ನು ಒಂದೇ ದಿನ ಮುಗಿಸಿದ ತರಗತಿಯನ್ನು ಗುರುತಿಸುವುದು ಸುಲಭ. 'ಅಮ್ಮ' ಎಂದು ಬರೆಯಿರಿ ಎಂದರೆ ನಾಲ್ಕಾರು ಮಕ್ಕಳು ಮಕಾರದ ಕೆಳಗೆ ಇನ್ನೊಂದು ಪುಟ್ಟ ಮಕಾರವನ್ನೇ ಬರೆದಿರುತ್ತಾರೆ. ಮೊದಲ ಪಾಠದ ಸೂತ್ರವನ್ನೇ ಮುಂದುವರಿಸಿದ್ದಾರೆ, ಎರಡನೆಯದು ತಲೆಗೆ ಹೋಗಿಲ್ಲ ಎಂದರ್ಥ.

ಆದ್ದರಿಂದ ಪಾಠಗಳನ್ನು ಸೇರಿಸುವುದು ಬೇಡ, ಪುನರಾವರ್ತನೆಯ ದಿನವನ್ನು ಬಿಟ್ಟುಕೊಡೋಣ ಎಂದು ನನ್ನ ಅಭಿಪ್ರಾಯ. ಎರಡನೆಯ ಪಾಠ 27ಕ್ಕೆ, ಮೂರನೆಯದು ಆಗಸ್ಟ್ 3ಕ್ಕೆ, ನಾಲ್ಕನೆಯದು 10ಕ್ಕೆ ಹೋಗಲಿ. ಪರೀಕ್ಷೆ 24ರಲ್ಲೇ ಉಳಿಯಲಿ. ಕಳೆದುಹೋದ 90 ನಿಮಿಷಗಳ ಪುನರಾವರ್ತನೆಗೆ ಬದಲು ಈ ಮೂರು ರವಿವಾರ ತರಗತಿಯನ್ನು 20 ನಿಮಿಷ ಹೆಚ್ಚಿಸಿ 11.50ಕ್ಕೆ ಬಿಟ್ಟರೆ ಒಂದು ತಾಸು ಕೈಗೆ ಬರುತ್ತದೆ. ಅಷ್ಟನ್ನೂ ಉಕ್ತಲೇಖನಕ್ಕೆ ಇಡಬಹುದು. ಅರ್ಧ ತಾಸು ಕಡಿಮೆಯೇ ಬೀಳುತ್ತದೆ. ಅದಕ್ಕೆ ತಕ್ಕಂತೆ ಪರೀಕ್ಷೆಯನ್ನು ಹಗುರ ಮಾಡಬೇಕು: ಅರ್ಕಾವತ್ತನ್ನು ಓದಿದರೆ ಸಾಕು, ಬರೆಯುವುದು ಬೇಡ. ಆದರೆ ಸೂಚನೆ ಬರೆಯುವ ಮೊದಲೇ ಸಭಾಗೃಹ 11.30ರ ನಂತರ ಖಾಲಿ ಇದೆಯೇ ಎಂದು ಕೇಳಿಕೊಳ್ಳಬೇಕು. 12ಕ್ಕೆ ಭಜನಾ ಮಂಡಳಿಯವರು ಬರುವುದಾದರೆ 20 ನಿಮಿಷ ಸಿಗುತ್ತದೆ, ಅರ್ಧ ಗಂಟೆ ಸಿಗುವುದಿಲ್ಲ.

ಇಷ್ಟು ಲೆಕ್ಕ ಮುಗಿದ ಮೇಲೆ ಸೂಚನೆ ತಾನಾಗಿ ಬರುತ್ತದೆ. ಹೀಗೆ ಬರೆಯಬಹುದು:

"ಪಾಲಕರಲ್ಲಿ ವಿನಂತಿ. ಸಭಾಗೃಹದಲ್ಲಿ ವಿದ್ಯುತ್ ದುರಸ್ತಿ ಇರುವುದರಿಂದ ಜುಲೈ 20, ರವಿವಾರ, ಎರಡನೇ ವರ್ಷದ ಕನ್ನಡ ತರಗತಿ ನಡೆಯುವುದಿಲ್ಲ. ಆ ದಿನದ ಪಾಠ ಜುಲೈ 27ಕ್ಕೆ, 27ರ ಪಾಠ ಆಗಸ್ಟ್ 3ಕ್ಕೆ, 3ರ ಪಾಠ ಆಗಸ್ಟ್ 10ಕ್ಕೆ ನಡೆಯುವುದು. ಈ ಮೂರು ದಿನ ತರಗತಿ 10ಕ್ಕೆ ಆರಂಭವಾಗಿ 11.50ಕ್ಕೆ ಮುಗಿಯುವುದು. ಪುನರಾವರ್ತನೆಗೆ ಪ್ರತ್ಯೇಕ ದಿನ ಇರುವುದಿಲ್ಲ. ಆಗಸ್ಟ್ 17ರ ರಜೆ ಮತ್ತು ಆಗಸ್ಟ್ 24ರ ಪರೀಕ್ಷೆಯಲ್ಲಿ ಬದಲಾವಣೆ ಇಲ್ಲ. ಪರೀಕ್ಷೆಯಲ್ಲಿ ಅರ್ಕಾವತ್ತಿನ ಪದಗಳನ್ನು ಓದಲು ಮಾತ್ರ ಕೇಳಲಾಗುವುದು. ಜುಲೈ 20ರಂದು ಮನೆಯಲ್ಲಿ ಮೊದಲ ಪಾಠದ ಹತ್ತು ಪದಗಳನ್ನು ನೀವು ಹೇಳಿ, ಮಕ್ಕಳಿಂದ ಬರೆಸಿರಿ. ಜುಲೈ 27ರಂದು ಮಗುವನ್ನು ಕರೆದೊಯ್ಯಲು ಎಷ್ಟು ಗಂಟೆಗೆ ಬರುವಿರಿ ಎಂದು ದಯವಿಟ್ಟು ಉತ್ತರಿಸಿರಿ."

ಕೊನೆಯ ವಾಕ್ಯ ಉಪಚಾರಕ್ಕೆ ಬರೆದದ್ದಲ್ಲ. ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಹಾಕಿದರೆ ಹೆಬ್ಬೆರಳಿನ ಗುರುತುಗಳು ಸಾಲಾಗಿ ಬರುತ್ತವೆ, ಓದಿದವರೆಷ್ಟು ಎಂದು ಅವುಗಳಿಂದ ತಿಳಿಯುವುದಿಲ್ಲ. ಗಂಟೆ ಕೇಳಿದರೆ ತಿಳಿಯುತ್ತದೆ. 11.50 ಎಂದು ಬರೆದವರು ಓದಿದ್ದಾರೆ. 11.30 ಎಂದು ಬರೆದವರಿಗೆ ಫೋನ್ ಮಾಡಬೇಕು. ಉತ್ತರವನ್ನೇ ಕೊಡದವರಿಗೂ ಮಾಡಬೇಕು. ಸೂಚನೆಯಲ್ಲಿ 'ಮುಂದಿನ ರವಿವಾರ' ಎಂಬ ಮಾತು ಎಲ್ಲಿಯೂ ಇಲ್ಲದಿರುವುದನ್ನೂ ಗಮನಿಸಿ. ಗುರುವಾರ ಹೊರಟ ಸೂಚನೆಯಲ್ಲಿ ಆ ಮಾತಿದ್ದರೆ ಒಬ್ಬರಿಗೆ ಅದು 20, ಇನ್ನೊಬ್ಬರಿಗೆ 27. ಮನೆಯಲ್ಲಿ ತಾಯಿ ಅಥವಾ ತಂದೆ ಬೇರೆ ಭಾಷೆಯವರಾಗಿದ್ದರೆ ಇದೇ ಒಕ್ಕಣೆಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೆಳಗೆ ಬರೆಯಬೇಕು. ಕನ್ನಡ ತರಗತಿಯ ಸೂಚನೆ ಕನ್ನಡದಲ್ಲೇ ಇರಲಿ ಎಂಬ ಅಭಿಮಾನ ಒಳ್ಳೆಯದೇ, ಆದರೆ ಮಗುವನ್ನು ಕರೆತರುವವರಿಗೆ ಓದಲು ಬರಬೇಕಲ್ಲ!

ಇನ್ನು ಮಕ್ಕಳ ಪಾಲು. ಸೂಚನೆ ಅವರಿಗೂ ಸಲ್ಲಬೇಕು, ತಾವು ಕಲಿತ ಅಕ್ಷರಗಳಿಂದಲೇ ಓದಿಕೊಂಡು ತಂದೆತಾಯಿಗೆ ಹೇಳುವಂತಿರಬೇಕು. ಬರೆಯಲು ಕೂತಾಗ ಒಂದು ತಮಾಷೆ ಎದುರಾಗುತ್ತದೆ. 'ಪಾಠ ಇಲ್ಲ' ಎನ್ನುವಂತಿಲ್ಲ, 'ಇಲ್ಲ'ದ ಲಕಾರದ ಒತ್ತು ರದ್ದಾದ ಪಾಠದಲ್ಲೇ ಇದೆ. 'ಬನ್ನಿ' ಎನ್ನುವಂತಿಲ್ಲ, ನಕಾರದ್ದೂ ಅಲ್ಲೇ ಇದೆ. 'ಕನ್ನಡ' ಎಂಬ ಪದಕ್ಕೂ ಅದೇ ಗತಿ, ಆದರೆ ಅದನ್ನು ಮಕ್ಕಳು ಚಿತ್ರದಂತೆ ಗುರುತಿಸಿಬಿಡುತ್ತಾರೆ. ಕರಾವಳಿಯವರ ಮನೆಗಳಲ್ಲಿ ಹೇಳುವ 'ಆದಿತ್ಯವಾರ'ವನ್ನು ಬರೆಯಲು ಮೂರನೆಯ ಪಾಠವೇ ಆಗಬೇಕು, 'ರವಿವಾರ'ಕ್ಕೆ ಆ ತೊಂದರೆಯಿಲ್ಲ. ಕೊನೆಗೆ ಹೀಗೆ ಬರೆಯಬಹುದು:

"ಮಕ್ಕಳೇ, ಜುಲೈ 20 ರವಿವಾರ ಪಾಠಕ್ಕೆ ರಜೆ. ಜುಲೈ 27 ರವಿವಾರ ಹೊಸ ಪಾಠ ಇದೆ. ಅಕ್ಕ, ಅಪ್ಪ, ಹಗ್ಗ, ಹಬ್ಬ ಇರುವ ಪುಟ ಓದಿಕೊಂಡು ಬರಬೇಕು."

ಇದರಲ್ಲಿ ಮೊದಲ ಪಾಠದ ಒತ್ತುಗಳ ಹೊರತು ಬೇರೆ ಒತ್ತಿಲ್ಲ. ದಪ್ಪಕ್ಷರದಲ್ಲಿ ಬರೆದು ಫೋಟೋ ತೆಗೆದು ಕಳಿಸಿದರೆ ಆಯಿತು. ಮಗು ಇದನ್ನು ತಡವರಿಸದೆ ಓದಿದರೆ ಮೊದಲ ಪಾಠ ನಿಂತಿದೆ ಎಂದು ಶಿಕ್ಷಕರಿಗೂ ಗೊತ್ತಾಗುತ್ತದೆ.

ಮಳೆಯ ರಜೆಯ ಮಾತು ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರು ಯಾರೂ ಜುಲೈ ತಿಂಗಳ ಮೋಡವನ್ನು ಹಗುರವಾಗಿ ನೋಡುವುದಿಲ್ಲ. ಬೆಳಗಿನಿಂದ ಧಾರಾಕಾರವಾಗಿ ಸುರಿಯುತ್ತಿದ್ದು, ಸಮುದ್ರದ ದೊಡ್ಡ ಭರತವೂ ಅದೇ ಹೊತ್ತಿಗೆ ಇದ್ದರೆ, ನೀರು ಹೋಗಲು ದಾರಿಯಿಲ್ಲದೆ ತಗ್ಗಿನ ರಸ್ತೆಗಳು ತುಂಬುತ್ತವೆ. ಆಗ ಬೆಳಿಗ್ಗೆ 8ರೊಳಗೆ ಸುದ್ದಿ ಹೋಗಬೇಕು, ದೂರದ ಡೊಂಬಿವಲಿಯವರು 8.30ಕ್ಕೆ ಮನೆ ಬಿಟ್ಟಿರುತ್ತಾರೆ. ಆ ಸುದ್ದಿಯಲ್ಲಿ ಪಾಠಗಳ ಹೊಸ ಪಟ್ಟಿ ತುರುಕುವುದು ಬೇಡ. "ಇಂದು ತರಗತಿ ಇಲ್ಲ, ಮನೆಯಿಂದ ಹೊರಡಬೇಡಿ, ಬದಲಾದ ಪಾಠಗಳ ವಿವರ ಮಂಗಳವಾರ ತಿಳಿಸಲಾಗುವುದು" ಎಂದರೆ ಸಾಕು. ಮಂಗಳವಾರ ಎಂದ ಮೇಲೆ ಮಂಗಳವಾರ ತಿಳಿಸಬೇಕು.

ಎರಡೂ ಸಂದರ್ಭದಲ್ಲಿ ಸಭಾಗೃಹದ ಬಾಗಿಲಿಗೆ ಒಂದು ಕಾಗದ ಅಂಟಿಸಿ, ಕಾವಲುಗಾರನಿಗೂ ಬಾಯಿಮಾತಿನಲ್ಲಿ ಹೇಳಿಡಬೇಕು. ಮೊಮ್ಮಗಳ ಕೈಹಿಡಿದು ಬರುವ ಅಜ್ಜನ ಬಳಿ ಫೋನ್ ಇರುವುದಿಲ್ಲ, ಇದ್ದರೂ ಅದು ಮನೆಯಲ್ಲಿ ಚಾರ್ಜಿಗೆ ಹಾಕಿರುತ್ತದೆ.