ಇನ್ನೂರು ಊಟ, ಒಂದು ಲೆಕ್ಕದ ಹಾಳೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟದ ಲೆಕ್ಕ ಸಾಮಾನ್ಯವಾಗಿ ಅಕ್ಕಿಯಿಂದ ಶುರುವಾಗುತ್ತದೆ. ಇನ್ನೂರು ಜನಕ್ಕೆ ಎಷ್ಟು ಕಿಲೋ ಅಕ್ಕಿ, ಎಷ್ಟು ಬೇಳೆ, ತಟ್ಟೆಗೆ ಎಷ್ಟು ಬಿತ್ತು ಎಂದು ನೋಡಿದರೆ ಮುಗಿಯಿತು. ಹೊಟ್ಟೆಯೇನೋ ತುಂಬುತ್ತದೆ. ಆದರೆ ಉಂಡವರಿಗೆ ಏನು ಸಿಕ್ಕಿತು ಎಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಕಾಣಬೇಕಾದರೆ ಹಾಳೆಯ ಮೊದಲ ಸಾಲಿನಲ್ಲಿ ಉಣ್ಣುವವರು ಯಾರು ಎಂದು ಬರೆಯಬೇಕು.

ಬೆಂಗಳೂರಿನ ಸುತ್ತಮುತ್ತ ಇರುವಂಥ ಒಂದು ಗಾರ್ಮೆಂಟ್ಸ್ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇನ್ನೂರು ಕೆಲಸಗಾರರಲ್ಲಿ 150 ಮಹಿಳೆಯರು, 50 ಪುರುಷರು. ಹೆಚ್ಚಿನವರು ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತಿರುವವರು. ಪೋಷಣಾ ತಜ್ಞರ ಪಟ್ಟಿಯಲ್ಲಿ ಇದು ಕಡಿಮೆ ದೈಹಿಕ ಶ್ರಮದ ಕೆಲಸ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣದಂತೆ ಇಂಥ ಕೆಲಸದ ಮಹಿಳೆಗೆ ದಿನಕ್ಕೆ 1,660 ಕ್ಯಾಲೊರಿ ಸಾಕು, ಪುರುಷನಿಗೆ 2,110. ಕಬ್ಬಿಣಾಂಶದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಪುರುಷನಿಗೆ 19 ಮಿಲಿಗ್ರಾಂ ಬೇಕಾದರೆ ಮಹಿಳೆಗೆ 29 ಬೇಕು.

ಬೆಳಗಿನ ಗಡಿಬಿಡಿಯಲ್ಲಿ ತಿಂಡಿ ಅರೆಬರೆಯಾಗುವ ಈ ಜನಕ್ಕೆ ಮಧ್ಯಾಹ್ನದ್ದೇ ದೊಡ್ಡ ಊಟ. ಆದ್ದರಿಂದ ದಿನದ ಅಗತ್ಯದ ಶೇಕಡಾ 40ರಷ್ಟನ್ನು ಈ ಒಂದೇ ತಟ್ಟೆ ಕೊಡಬೇಕೆಂದು ಇಟ್ಟುಕೊಳ್ಳಬಹುದು. ಮಹಿಳೆಯರು, ಪುರುಷರನ್ನು ಸೇರಿಸಿ ಸರಾಸರಿ ತೆಗೆದರೆ ತಲಾ 710 ಕ್ಯಾಲೊರಿ, 19 ಗ್ರಾಂ ಪ್ರೋಟೀನ್, 400 ಮಿಲಿಗ್ರಾಂ ಕ್ಯಾಲ್ಸಿಯಂ, 10.6 ಮಿಲಿಗ್ರಾಂ ಕಬ್ಬಿಣ ಎಂಬ ಗುರಿ ಬರುತ್ತದೆ. ತಿನ್ನಬೇಕಾದ ಅನ್ನ ಕಡಿಮೆ, ಅದರಲ್ಲಿ ಸಿಗಬೇಕಾದ ಕಬ್ಬಿಣ ಹೆಚ್ಚು. ಈ ಕ್ಯಾಂಟೀನಿನ ನಿಜವಾದ ತೊಡಕು ಇದೇ.

ಎಲ್ಲೆಡೆ ಕಾಣುವ ಊಟವನ್ನೇ ಈ ಗುರಿಯ ಪಕ್ಕ ಇಟ್ಟು ನೋಡಬಹುದು. 130 ಗ್ರಾಂ ಅಕ್ಕಿಯ ಅನ್ನ, ತೆಳ್ಳನೆಯ ಬೇಳೆ ಸಾರು, ಒಂದಿಷ್ಟು ಬೀನ್ಸ್ ಪಲ್ಯ, ಮಜ್ಜಿಗೆ. ಕ್ಯಾಲೊರಿ 700 ದಾಟುತ್ತದೆ, ಪ್ರೋಟೀನೂ ಗುರಿಯ ಹತ್ತಿರಕ್ಕೆ ಬರುತ್ತದೆ. ಕಬ್ಬಿಣ ಮಾತ್ರ ಎರಡೂವರೆ ಮಿಲಿಗ್ರಾಂ ಆಸುಪಾಸಿನಲ್ಲೇ ನಿಂತುಬಿಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತ್ತು. ಆ ವಯಸ್ಸಿನವರೇ ಹೆಚ್ಚಾಗಿರುವ ಕಡೆ ಇಂಥ ತಟ್ಟೆಯನ್ನು ಅಗ್ಗದ್ದು ಎನ್ನಲು ಬರುವುದಿಲ್ಲ.

ಈಗ ಅನ್ನದ ಅರ್ಧಕ್ಕೂ ಹೆಚ್ಚು ಪಾಲನ್ನು ರಾಗಿಗೆ ಬಿಟ್ಟುಕೊಡೋಣ. ಒಬ್ಬರಿಗೆ 70 ಗ್ರಾಂ ಹಿಟ್ಟಿನ ಒಂದು ಮುದ್ದೆ, 60 ಗ್ರಾಂ ಅಕ್ಕಿಯ ಅನ್ನ, 25 ಗ್ರಾಂ ತೊಗರಿಬೇಳೆ ಮತ್ತು 50 ಗ್ರಾಂ ದಂಟಿನ ಸೊಪ್ಪಿನ ಮಸ್ಸೊಪ್ಪು, 20 ಗ್ರಾಂ ಕಡಲೆಕಾಳಿನ ಉಸಲಿ, 50 ಗ್ರಾಂ ಮೊಸರಿನ ಮಜ್ಜಿಗೆ, 6 ಗ್ರಾಂ ಎಣ್ಣೆ. ಕ್ಯಾಲೊರಿ ಸರಿಯಾಗಿ 710ರ ಹತ್ತಿರವೇ ಬಂತು. ಪ್ರೋಟೀನ್ 22 ಗ್ರಾಂ ದಾಟಿತು. ರಾಗಿ, ಸೊಪ್ಪು ಎರಡೂ ಸೇರಿದ್ದರಿಂದ ಕ್ಯಾಲ್ಸಿಯಂ ಗುರಿಯನ್ನು ಮೀರಿತು. ಕಬ್ಬಿಣ 8.6 ಮಿಲಿಗ್ರಾಂಗೆ ಏರಿತು. ಇನ್ನೂ ಎರಡು ಮಿಲಿಗ್ರಾಂ ಬಾಕಿ.

ಆ ಎರಡು ಮಿಲಿಗ್ರಾಂ ಹುಡುಕುವ ಮೊದಲು ಖರ್ಚು ನೋಡಬೇಕು. ಸಗಟು ದರ ವಾರವಾರಕ್ಕೂ ಬದಲಾಗುವುದರಿಂದ ಲೆಕ್ಕಕ್ಕಾಗಿ ಒಂದು ದರ ಹಿಡಿಯೋಣ: ಕಿಲೋ ಅಕ್ಕಿಗೆ 50 ರೂಪಾಯಿ, ರಾಗಿ ಹಿಟ್ಟಿಗೂ 50, ತೊಗರಿಬೇಳೆಗೆ 130, ಕಡಲೆಕಾಳಿಗೆ 90, ಮೊಸರಿಗೆ 60, ಎಣ್ಣೆಗೆ 150, ಸೊಪ್ಪಿಗೆ 40. ಸೊಪ್ಪಿನಲ್ಲಿ ಮಾತ್ರ ಎಚ್ಚರ ಬೇಕು. ಬೇರು, ಬಲಿತ ದಂಟು, ಹಣ್ಣೆಲೆ ತೆಗೆದು ತೊಳೆಯುವಷ್ಟರಲ್ಲಿ ಮೂರನೇ ಒಂದು ಭಾಗ ಬುಟ್ಟಿಗೆ ಹೋಗಿರುತ್ತದೆ. ಪಾತ್ರೆಗೆ 10 ಕಿಲೋ ಬೀಳಬೇಕಾದರೆ ಮಾರುಕಟ್ಟೆಯಿಂದ 15 ಕಿಲೋ ತರಬೇಕು. 40 ರೂಪಾಯಿಯ ಸೊಪ್ಪು ಅಡುಗೆಮನೆಯಲ್ಲಿ 60 ರೂಪಾಯಿಯದಾಗುತ್ತದೆ. ಇದನ್ನು ಮರೆತ ಕ್ಯಾಂಟೀನುಗಳಲ್ಲಿ ತಿಂಗಳ ಕೊನೆಗೆ ಹಣ ಎಲ್ಲಿ ಸೋರಿತೆಂದು ತಿಳಿಯುವುದೇ ಇಲ್ಲ.

ತೆಂಗಿನಕಾಯಿ, ಈರುಳ್ಳಿ, ಟೊಮೆಟೊ, ಹುಣಸೆ, ಸಾರಿನ ಪುಡಿಗೆ ಒಟ್ಟಾಗಿ ಸಾವಿರ ರೂಪಾಯಿ ಸೇರಿಸಿದರೆ ಇನ್ನೂರು ಜನರ ಸಾಮಾನಿಗೆ 4,690 ರೂಪಾಯಿ ಆಗುತ್ತದೆ. ಗ್ಯಾಸಿಗೆ 600, ಅಡುಗೆಯವರು ಮತ್ತು ಸಹಾಯಕರು ಸೇರಿ ನಾಲ್ವರ ಕೂಲಿಗೆ 3,000, ಪಾತ್ರೆ ತೊಳೆಯುವುದು, ಶುಚಿತ್ವಕ್ಕೆ 400. ಒಟ್ಟು 8,690. ಅಂದರೆ ಊಟಕ್ಕೆ ಸುಮಾರು ನಲವತ್ಮೂರೂವರೆ ರೂಪಾಯಿ.

ಈಗ ತೊಗರಿಬೇಳೆಯ ಜಾಗದಲ್ಲಿ ಅಷ್ಟೇ ತೂಕದ ಹುರಳಿಕಾಳು ಹಾಕಿ ನೋಡೋಣ. ಪ್ರೋಟೀನಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ನೂರು ಗ್ರಾಂಗೆ 22ರ ಹತ್ತಿರ. ಕಬ್ಬಿಣ ಮಾತ್ರ ಹುರಳಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ದರ ಕಿಲೋಗೆ 80 ಎಂದು ಹಿಡಿದರೆ ಐದು ಕಿಲೋಗೆ 250 ರೂಪಾಯಿ ಉಳಿಯುತ್ತದೆ. ಆ ಹಣವನ್ನು ಜೇಬಿಗೆ ಹಾಕದೆ ಇನ್ನಷ್ಟು ಸೊಪ್ಪಿಗೆ ಹಾಕಬೇಕು. ಒಬ್ಬರಿಗೆ 50ರ ಬದಲು 70 ಗ್ರಾಂ ಸೊಪ್ಪು ಎಂದರೆ 21 ಕಿಲೋ ತರಬೇಕು, ಹೆಚ್ಚುವರಿ ಖರ್ಚು 240 ರೂಪಾಯಿ. ಮಸ್ಸೊಪ್ಪಿನ ಬದಲು ಹುರಳಿ–ಸೊಪ್ಪಿನ ಬಸ್ಸಾರು, ಬಸಿದುಳಿದ ಕಾಳು–ಸೊಪ್ಪಿನದೇ ಪಲ್ಯ. ಕಬ್ಬಿಣ 8.6ರಿಂದ 10.7 ಮಿಲಿಗ್ರಾಂಗೆ ಏರಿತು, ಒಟ್ಟು ಖರ್ಚು ಹತ್ತು ರೂಪಾಯಿ ಇಳಿಯಿತು.

ಕಾಗದದ ಮೇಲಿನ 10.7 ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಕಾಳು, ರಾಗಿಯಲ್ಲಿರುವ ಫೈಟೇಟ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುರಳಿಯನ್ನು ಹಿಂದಿನ ರಾತ್ರಿಯೇ ನೆನೆಸಿ ಮೊಳಕೆ ಬರಿಸಿದರೆ ಅದು ತಗ್ಗುತ್ತದೆ. ತಟ್ಟೆಗೆ ಒಂದು ಹೋಳು ನಿಂಬೆ ಇಟ್ಟರೆ ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಬೆನ್ನಿಗೇ ಟೀ ಕೊಡುವ ಪದ್ಧತಿಯಿದ್ದರೆ ಅದನ್ನು ಒಂದು ಗಂಟೆಯಾದರೂ ಮುಂದಕ್ಕೆ ಹಾಕಬೇಕು. ಟೀಯ ಟ್ಯಾನಿನ್ ಇಷ್ಟು ಕಷ್ಟಪಟ್ಟು ಸೇರಿಸಿದ ಕಬ್ಬಿಣಕ್ಕೇ ಅಡ್ಡಿ.

ಲೆಕ್ಕ ಕೆಡುವುದು ಬಡಿಸುವ ಜಾಗದಲ್ಲೂ ಹೌದು. ಇನ್ನೂರು ಜನಕ್ಕೆ ಬೇಯಿಸಿದ ದಿನ 170 ಮಂದಿ ಮಾತ್ರ ಬಂದರೆ ಕೂಲಿ, ಗ್ಯಾಸು ಯಾವುದೂ ಇಳಿಯುವುದಿಲ್ಲ. ಒಂದು ಊಟದ ಬೆಲೆ 51 ರೂಪಾಯಿಗೆ ಹಾರುತ್ತದೆ. ಬೆಳಗಿನ ಹಾಜರಿ ಮುಗಿದ ಕೂಡಲೇ ಅಡುಗೆಮನೆಗೆ ಸಂಖ್ಯೆ ತಲುಪಿದರೆ ಹಿಟ್ಟನ್ನೂ ಅಕ್ಕಿಯನ್ನೂ ಅಷ್ಟಕ್ಕೇ ಅಳೆಯಬಹುದು. ಮುದ್ದೆಯ ಗಾತ್ರವೂ ದಿನದಿಂದ ದಿನಕ್ಕೆ ಬದಲಾಗಬಾರದು. ಮೊದಲ ನಾಲ್ಕೈದು ಮುದ್ದೆಗಳನ್ನು ತಕ್ಕಡಿಗೆ ಹಾಕಿ ನೋಡಿದರೆ ಕೈಗೆ ಅಂದಾಜು ಸಿಗುತ್ತದೆ. ಉಳಿದ ಊಟವನ್ನು ಒಟ್ಟಾಗಿ ತೂಗುವುದರ ಬದಲು ಪದಾರ್ಥವಾರು ಬೇರೆ ಬೇರೆ ತೂಗಿ ಬರೆದಿಡಬೇಕು. ತಟ್ಟೆಯಲ್ಲಿ ಅನ್ನ ಬಿಟ್ಟವರು ಕಳೆದುಕೊಂಡದ್ದು ಕ್ಯಾಲೊರಿ, ಮುದ್ದೆ ಅಥವಾ ಪಲ್ಯ ಬಿಟ್ಟವರು ಕಳೆದುಕೊಂಡದ್ದು ಕಬ್ಬಿಣ.

ಮುದ್ದೆಯೇ ಹೆಚ್ಚು ಉಳಿಯುತ್ತಿದ್ದರೆ ಅದಕ್ಕೂ ಕಾರಣವಿರುತ್ತದೆ. ಇಂದು ಗಾರ್ಮೆಂಟ್ಸ್ ಘಟಕಗಳಲ್ಲಿ ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದ ಹೆಣ್ಣುಮಕ್ಕಳು ಸಾಕಷ್ಟಿದ್ದಾರೆ. ಮುದ್ದೆ ಅವರಿಗೆ ಹೊಸದು. ಅವರಿಗೆಂದು ಮತ್ತಷ್ಟು ಅನ್ನ ಹಾಕಿದರೆ ಮತ್ತೆ ಹಳೆಯ ತಟ್ಟೆಗೇ ಮರಳಿದಂತೆ. ಅದರ ಬದಲು 70 ಗ್ರಾಂ ಗೋಧಿ ಹಿಟ್ಟಿನ ಚಪಾತಿ ಕೊಟ್ಟರೆ ಕಬ್ಬಿಣ ತೀರ ಸ್ವಲ್ಪವೇ ಇಳಿಯುತ್ತದೆ. ಕ್ಯಾಲ್ಸಿಯಂ ಸಾಕಷ್ಟು ಕಡಿಮೆಯಾದರೂ ಸೊಪ್ಪು, ಹುರಳಿ, ಮಜ್ಜಿಗೆ ಇರುವುದರಿಂದ 400 ಮಿಲಿಗ್ರಾಂ ಗುರಿಗೆ ಕೊರತೆಯಾಗದು. ಚಪಾತಿ ಲಟ್ಟಿಸಿ ಬೇಯಿಸಲು ಇನ್ನೊಬ್ಬ ಸಹಾಯಕರು ಬೇಕು. ಅವರ ಕೂಲಿ ದಿನಕ್ಕೆ 650 ರೂಪಾಯಿ ಎಂದಿಟ್ಟುಕೊಂಡರೆ ಇನ್ನೂರು ಊಟಕ್ಕೆ ಹಂಚಿದಾಗ ತಲಾ ಮೂರೂಕಾಲು ರೂಪಾಯಿ ಏರುತ್ತದೆ, ತಟ್ಟೆಯ ಬೆಲೆ 47 ರೂಪಾಯಿಯ ಒಳಗೇ ಉಳಿಯುತ್ತದೆ.